ಆಣೆಗೆ ಬೇಕೇ ಬೇಕು, ಆಜ್ಞೆಗೆ ಬೇಕಾದರೆ: ಅರಬಿ ಕ್ರಿಯಾಪದದ ಒತ್ತಿನ ನೂನ್

ಪ್ರಶ್ನೆ: ಉಸ್ತಾದರೇ, ಕೆಲಸ ಮುಗಿಸಿ ಸಂಜೆ ಹೊತ್ತು ಅರಬಿ ವ್ಯಾಕರಣ ಕಲಿಯುತ್ತಿದ್ದೇನೆ. ಕ್ರಿಯಾಪದದ ಕೊನೆಗೆ ಅಂಟುವ ‘ನೂನ್ ಸಕೀಲಾ’, ‘ನೂನ್ ಖಫೀಫಾ’ದ ರೂಪಗಳು ಬಾಯಿಪಾಠ ಆಗಿವೆ. ಆಜ್ಞೆ, ಆಣೆ, ಪ್ರಶ್ನೆ ಮೂರರಲ್ಲೂ ಬರುತ್ತದೆ ಅಂತ ಪುಸ್ತಕದಲ್ಲಿದೆ. ಆದರೆ ಓದುವಾಗ ಎಷ್ಟೋ ಆಜ್ಞೆಗಳಲ್ಲಿ ಅದು ಇರುವುದೇ ಇಲ್ಲ. ಹಾಗಾದರೆ ಎಲ್ಲಿ ಕಡ್ಡಾಯ, ಎಲ್ಲಿ ನಮ್ಮಿಷ್ಟ? ಬಿಟ್ಟರೆ ಅರ್ಥ ಕೆಡುತ್ತದಾ?

ಉತ್ತರ: ಒಂದು ಕಡೆ ಮಾತ್ರ ಅರ್ಥ ನಿಜವಾಗಿ ಕೆಡುತ್ತದೆ. ಸುಮ್ನೆ ಕೆಡುವುದಲ್ಲ, ಪೂರ್ತಿ ಉಲ್ಟಾ ಆಗುತ್ತದೆ. ಅದು ಆಣೆ. ಹಾಗಾಗಿ ಜಾಸ್ತಿ ಜಾಗ ಅದಕ್ಕೇ ಕೊಡುತ್ತೇನೆ.

ಮೊದಲು ಈ ನೂನ್ ಎಲ್ಲಿಗೆ ಅಂಟುತ್ತದೆ ನೋಡಿ. ‘ಬರೆ’ ಎಂಬ ಕ್ರಿಯಾಪದ ತೆಗೆದುಕೊಳ್ಳಿ. ‘ಯಕ್ತುಬು’ ಅಂದರೆ ಅವನು ಬರೆಯುತ್ತಾನೆ. ಇದಕ್ಕೆ ಇಮ್ಮಡಿ ನೂನ್ ಸೇರಿದರೆ ‘ಯಕ್ತುಬನ್ನ’. ಇದು ಸಕೀಲಾ, ಅಂದರೆ ಭಾರದ ನೂನ್. ಒಂಟಿ ನೂನ್ ಸೇರಿದರೆ ‘ಯಕ್ತುಬನ್’. ಇದು ಖಫೀಫಾ, ಹಗುರದ ನೂನ್. ‘ಉಕ್ತುಬ್’ (ಬರೆ) ಎಂಬ ಆಜ್ಞೆಗೂ ಹಾಗೆಯೇ ಸೇರುತ್ತದೆ: ‘ಉಕ್ತುಬನ್ನ’. ಆದರೆ ‘ಕತಬ’ (ಬರೆದನು) ಎಂಬ ಭೂತಕಾಲಕ್ಕೆ ಮಾತ್ರ ಅದು ಹತ್ತಿರವೂ ಸುಳಿಯುವುದಿಲ್ಲ.

ಯಾಕೆ ಅಂದರೆ ಈ ನೂನ್ ಒತ್ತಿ ಹೇಳುವುದು ಇನ್ನೂ ಆಗದ ಕೆಲಸವನ್ನು. ಆಜ್ಞೆ ಕೊಟ್ಟಾಗ ಕೆಲಸ ಇನ್ನೂ ಆಗಿರುವುದಿಲ್ಲ. ‘ಮಾಡೇ ಮಾಡ್ತೀನಿ’ ಅಂತ ಆಣೆ ಇಟ್ಟಾಗಲೂ ಆಗಿರುವುದಿಲ್ಲ. ‘ಆಗುತ್ತದೆಯೇ?’ ಅಂತ ಕೇಳಿದಾಗಲೂ ಅಷ್ಟೇ. ಪುಸ್ತಕದಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟಿರುವುದರ ಗುಟ್ಟು ಇದು. ಆದರೆ ಮೂರಕ್ಕೂ ಒಂದೇ ನಿಯಮ ಅಂತ ಆ ಸಾಲು ಹೇಳುತ್ತಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ಆಣೆಯಲ್ಲಿ

ಕುರ್‌ಆನಿನ 21ನೇ ಅಧ್ಯಾಯದ 57ನೇ ಆಯತ್ತಿನಲ್ಲಿ ಇಬ್ರಾಹೀಮರ ಮಾತು ಬರುತ್ತದೆ: ‘ವ-ತಲ್ಲಾಹಿ ಲ-ಅಕೀದನ್ನ ಅಸ್ನಾಮಕುಮ್’. ಅಲ್ಲಾಹನಾಣೆ, ನಿಮ್ಮ ವಿಗ್ರಹಗಳಿಗೆ ಒಂದು ಉಪಾಯ ಹೂಡಿಯೇ ಹೂಡುತ್ತೇನೆ ಅಂತ. ‘ಅಕೀದು’ ಎಂಬ ಕ್ರಿಯಾಪದಕ್ಕೆ ಮುಂದೆ ‘ಲ’ ಬಂತು, ಹಿಂದೆ ‘ನ್ನ’ ಬಂತು. ಉರ್ದು ಮಾಧ್ಯಮದ ಮದರಸಾದಲ್ಲಿ ಸರ್ಫ್ ಕಲಿತವರು ಇದನ್ನು ‘ಲಾಮೆ ತಾಕೀದ್ ಬಾ ನೂನೆ ತಾಕೀದ್’ ಅಂತ ಒಟ್ಟಿಗೇ ಉರು ಹೊಡೆದಿರುತ್ತಾರೆ. ಅದು ಒಳ್ಳೆಯ ಅಭ್ಯಾಸ. ಆಣೆಯಲ್ಲಿ ಇವೆರಡೂ ಜೋಡಿಯಾಗಿಯೇ ಬರುವುದು.

ಇಲ್ಲಿ ನೂನ್ ಕಡ್ಡಾಯ ಆಗಲು ನಾಲ್ಕು ಸಂಗತಿ ಕೂಡಿ ಬರಬೇಕು. ವಾಕ್ಯ ಆಣೆಗೆ ಉತ್ತರವಾಗಿರಬೇಕು, ಅಂದರೆ ‘ಅಲ್ಲಾಹನಾಣೆ’ ಅಂದ ಮೇಲೆ ಏನು ಅನ್ನುವುದನ್ನು ಹೇಳುವ ಭಾಗವಾಗಿರಬೇಕು. ‘ಮಾಡುತ್ತೇನೆ’ ಎಂಬ ಒಪ್ಪಿಗೆಯಿರಬೇಕು, ‘ಮಾಡುವುದಿಲ್ಲ’ ಅಂತಿರಬಾರದು. ಮುಂದೆ ಆಗುವ ಕೆಲಸ ಆಗಿರಬೇಕು. ಕೊನೆಯದಾಗಿ, ‘ಲ’ ಮತ್ತು ಕ್ರಿಯಾಪದದ ನಡುವೆ ಬೇರೆ ಮಾತು ನುಸುಳಿರಬಾರದು. ಇಬ್ರಾಹೀಮರ ಮಾತಿನಲ್ಲಿ ನಾಲ್ಕೂ ಇವೆ. ಆದ್ದರಿಂದ ಬಸ್ರಾದ ವೈಯಾಕರಣರ ಪ್ರಕಾರ ಅಲ್ಲಿ ‘ಲ’ವೂ ಬೇಕು, ನೂನೂ ಬೇಕು. ಕೂಫಾದವರು ಎರಡರಲ್ಲಿ ಒಂದಿದ್ದರೂ ಸಾಕು ಅಂದರು. ಕಲಿಯುವವರು ಬಸ್ರಾದ ದಾರಿ ಹಿಡಿಯುವುದು ಸಲೀಸು.

ಈಗ ಒಂದೊಂದೇ ಕಿತ್ತು ನೋಡಿ. ಇಲ್ಲ ಅಂತ ಆಣೆಯಿಟ್ಟರೆ ‘ವಲ್ಲಾಹಿ ಲಾ ಅಕ್ತುಬು’. ನೂನ್ ಇಲ್ಲ. ಆಗಿಹೋದದ್ದಕ್ಕೆ ಆಣೆಯಿಟ್ಟರೆ ‘ವಲ್ಲಾಹಿ ಲ-ಕದ್ ಕತಬ್ತು’. ಅಲ್ಲೂ ಇಲ್ಲ. ಈ ಕ್ಷಣದಲ್ಲಿ ಇರುವುದಕ್ಕೆ ಆಣೆಯಿಟ್ಟರೆ, ಉದಾಹರಣೆಗೆ ‘ದೇವರಾಣೆ, ಈಗ ನನಗೆ ನೋಯುತ್ತಿದೆ’ ಅಂತ ಹೇಳುವಾಗ, ‘ಲ’ ಬರುತ್ತದೆ, ನೂನ್ ಬರುವುದಿಲ್ಲ. ಇನ್ನು ನಡುವೆ ಮಾತು ನುಸುಳಿದರೆ? 93ನೇ ಅಧ್ಯಾಯದ 5ನೇ ಆಯತ್ ನಿಮಗೆ ಬಾಯಿಪಾಠ ಇರಬಹುದು: ‘ವ-ಲ-ಸೌಫ ಯುಅತೀಕ ರಬ್ಬುಕ’. ಆ ಅಧ್ಯಾಯ ಶುರುವಾಗುವುದೇ ಆಣೆಯಿಂದ. ಮಾತು ಮುಂದಿನದು, ಒಪ್ಪಿಗೆಯದು. ಆದರೂ ನೂನ್ ಇಲ್ಲ. ‘ಲ’ ಹೋಗಿ ‘ಸೌಫ’ಕ್ಕೆ ಅಂಟಿದೆ, ಕ್ರಿಯಾಪದಕ್ಕಲ್ಲ. 3ನೇ ಅಧ್ಯಾಯದ 158ರಲ್ಲೂ ಹೀಗೇ: ‘ಲ-ಇಲಲ್ಲಾಹಿ ತುಹ್ಶರೂನ್’. ಅಲ್ಲಾಹನ ಕಡೆಗೇ ನಿಮ್ಮನ್ನು ಒಟ್ಟುಗೂಡಿಸಲಾಗುವುದು. ‘ಇಲಲ್ಲಾಹಿ’ ನಡುವೆ ಬಂದಿದ್ದರಿಂದ ಕ್ರಿಯಾಪದ ನೂನ್ ಇಲ್ಲದೆ ಸಹಜ ರೂಪದಲ್ಲೇ ಉಳಿಯಿತು. ಅದರ ಕೊನೆಯಲ್ಲಿ ಕಾಣುವ ನೂನ್ ಬಹುವಚನದ್ದು, ಒತ್ತಿನದ್ದಲ್ಲ.

ನಿಯಮ ಇಷ್ಟು ಬಿಗಿಯಾಗಿರುವುದರಿಂದಲೇ ನೂನ್ ಇಲ್ಲದಿರುವುದಕ್ಕೂ ಅರ್ಥ ಬರುತ್ತದೆ. 12ನೇ ಅಧ್ಯಾಯದ 85ನೇ ಆಯತ್ ನೋಡಿ. ಯೂಸುಫರನ್ನು ನೆನೆದು ಕೊರಗುವ ಯಾಕೂಬರಿಗೆ ಮಕ್ಕಳು ಹೇಳುತ್ತಾರೆ: ‘ತಲ್ಲಾಹಿ ತಫ್ತಉ ತಜ್ಕುರು ಯೂಸುಫ...’. ಪದಕ್ಕೆ ಪದ ಹಚ್ಚಿದರೆ ‘ಅಲ್ಲಾಹನಾಣೆ, ನೀವು ಯೂಸುಫನನ್ನು ನೆನೆಯುವುದು ನಿಲ್ಲಿಸುತ್ತೀರಿ’ ಅಂತಾಗುತ್ತದೆ. ಸಂದರ್ಭಕ್ಕೆ ಇದು ಹೊಂದುವುದೇ ಇಲ್ಲ. ಮಕ್ಕಳು ಹೇಳುತ್ತಿರುವುದು ‘ನೀವು ನಿಲ್ಲಿಸುವುದೇ ಇಲ್ಲ, ಹೀಗೇ ಸವೆದುಹೋಗುತ್ತೀರಿ’ ಅಂತ. ‘ಇಲ್ಲ’ ಎಲ್ಲಿದೆ? ಬಾಯಲ್ಲಿ ಬಂದಿಲ್ಲ, ಆದರೆ ವ್ಯಾಕರಣದಲ್ಲಿದೆ. ಒಪ್ಪಿಗೆಯ ಆಣೆ ಆಗಿದ್ದರೆ ‘ಲ-ತಫ್ತಅನ್ನ’ ಅಂತಿರಬೇಕಿತ್ತು. ‘ಲ’ವೂ ಇಲ್ಲ, ನೂನೂ ಇಲ್ಲ. ಹಾಗಾದರೆ ಇದು ‘ಲಾ ತಫ್ತಉ’, ಆ ‘ಲಾ’ವನ್ನು ನುಂಗಿ ಹೇಳಿದ್ದು, ಅಂತ ಅರಬಿ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಇಸ್ಲಾಮಿಗೆ ಮುಂಚಿನ ಕವಿ ಇಮ್ರುಉಲ್ ಕೈಸ್ ಕೂಡ ಒಂದು ಆಣೆಯ ಮಾತಿನಲ್ಲಿ ‘ಲಾ’ವನ್ನು ಹೀಗೇ ನುಂಗಿದ್ದಾನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಹಳೆಯ ಅರಬಿಯ ನಿಯಮ ಹಿಡಿದು ನೋಡಿದರೆ ‘ವಲ್ಲಾಹಿ ಲ-ಅಕ್ತುಬನ್ನ’ ಅಂದವನು ಬರೆಯಬೇಕು. ‘ವಲ್ಲಾಹಿ ಅಕ್ತುಬು’ ಅಂದವನು ಬರೆಯಕೂಡದು! ಇದು ವೈಯಾಕರಣರ ಕಾಲಹರಣ ಅಲ್ಲ. ಆಣೆ ಮುರಿದರೆ ಪ್ರಾಯಶ್ಚಿತ್ತ ಇದೆಯಲ್ಲ, ಅದಕ್ಕೇ ಹನಫೀ ಫಿಕ್‌ಹ್ ಗ್ರಂಥಗಳಲ್ಲೂ ಈ ಚರ್ಚೆ ಬಂದಿದೆ. ನೂನ್ ಬಿಟ್ಟು ಆಣೆಯಿಟ್ಟವನು ಏನು ಮಾಡಿದರೆ ಆಣೆ ಮುರಿದ ಹಾಗೆ? 19ನೇ ಶತಮಾನದ ಡಮಾಸ್ಕಸ್‌ನ ಇಬ್ನ್ ಆಬಿದೀನ್ ಕೂಡ ಇದನ್ನು ಎತ್ತಿಕೊಂಡಿದ್ದಾರೆ. ಜನಸಾಮಾನ್ಯರು ಆಡುಮಾತಿನಲ್ಲಿ ಈ ನೂನನ್ನು ಬಿಟ್ಟೇ ಬಿಟ್ಟಿದ್ದಾರೆ, ಹಾಗಾಗಿ ಅವರ ಆಣೆಯನ್ನು ಅವರ ರೂಢಿಯಂತೆ ಅರ್ಥ ಮಾಡಬೇಕು ಅನ್ನುವುದು ನಂತರದವರ ನಿಲುವು. ನನಗೂ ಅದೇ ಸರಿ ಅನ್ನಿಸುತ್ತದೆ. ಗಲ್ಫಿನಲ್ಲಿ ದುಡಿದು ಬಂದ ನಮ್ಮ ಕರಾವಳಿಯವರು ದಿನಕ್ಕೆ ನೂರು ಸಲ ‘ವಲ್ಲಾ’ ಕೇಳಿರುತ್ತಾರೆ. ಅದರ ಹಿಂದೆ ಈ ನೂನ್ ಕೇಳಿರಲಾರರು. ಅದು ಈಗ ಗ್ರಂಥದ ಅರಬಿಯಲ್ಲಿ, ಭಾಷಣದಲ್ಲಿ, ಕವಿತೆಯಲ್ಲಿ ಉಳಿದಿರುವ ಸಂಗತಿ.

ಇನ್ನೊಂದು ತೊಡಕಿದೆ. ಎಷ್ಟೋ ಕಡೆ ‘ವಲ್ಲಾಹಿ’ ಅನ್ನುವ ಮಾತೇ ಇರುವುದಿಲ್ಲ, ಆದರೂ ‘ಲ’ ಮತ್ತು ‘ನ್ನ’ ಇರುತ್ತವೆ. ಅಲ್ಲಿ ಆಣೆ ಒಳಗೇ ಇದೆ ಅಂತ ತಿಳಿಯಬೇಕು. ‘ಲ-ಇನ್’ (ಒಂದು ವೇಳೆ) ಅಂತ ವಾಕ್ಯ ಶುರುವಾದರೆ ಅದೇ ಸುಳಿವು. ಯೂಸುಫ್ ಅಧ್ಯಾಯದ 32ನೇ ಆಯತ್ತಿನಲ್ಲಿ ಅಜೀಜನ ಹೆಂಡತಿ ಬೆದರಿಸುವ ಮಾತು ಹೀಗಿದೆ: ನಾನು ಹೇಳಿದ್ದನ್ನು ಅವನು ಮಾಡದಿದ್ದರೆ ‘ಲ-ಯುಸ್ಜನನ್ನ ವ-ಲ-ಯಕೂನನ್ ಮಿನಸ್ಸಾಗಿರೀನ್’. ಸೆರೆಮನೆ ಸೇರಿಯೇ ಸೇರುತ್ತಾನೆ, ಅವಮಾನಿತನೂ ಆಗುತ್ತಾನೆ. ಮೊದಲನೆಯದಕ್ಕೆ ಭಾರದ ನೂನ್, ಎರಡನೆಯದಕ್ಕೆ ಹಗುರದ್ದು. ಭಾರದ ನೂನಿನಲ್ಲಿ ಒತ್ತು ಜಾಸ್ತಿ ಅಂತ ಖಲೀಲ್ ಹೇಳಿದ್ದನ್ನು ಅವರ ಶಿಷ್ಯ ಸೀಬವೈಹಿ ದಾಖಲಿಸಿದ್ದಾರೆ. ಅದನ್ನು ಹಿಡಿದು, ಸೆರೆಗೆ ಹಾಕಿಸುವುದು ಅವಳ ಕೈಯಲ್ಲೇ ಇತ್ತು, ಅದಕ್ಕೇ ಅಲ್ಲಿ ಒತ್ತು ಜಾಸ್ತಿ ಅಂತ ವಿವರಿಸುವವರಿದ್ದಾರೆ. ವಿವರಣೆ ಚೆಂದ ಇದೆ. ಆದರೆ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ಕುರ್‌ಆನಿನಲ್ಲಿ ಹಗುರದ ನೂನ್ ಸಿಗುವುದೇ ಎರಡು ಕಡೆ. ಒಂದು ಇದು. ಇನ್ನೊಂದು 96ನೇ ಅಧ್ಯಾಯದ 15ರಲ್ಲಿರುವ ‘ಲ-ನಸ್ಫಅನ್’. ಎರಡು ಉದಾಹರಣೆಯಿಂದ ಎಷ್ಟು ತೀರ್ಮಾನ ಹೊರಡಿಸೋಕಾಗುತ್ತೆ?

ಅಂದಹಾಗೆ ಈ ಎರಡೂ ಕಡೆ ಮುಸ್‌ಹಫಿನಲ್ಲಿ ನೂನ್ ಅಕ್ಷರ ಬರೆದಿರುವುದಿಲ್ಲ. ನಾಮಪದಕ್ಕೆ ಹಾಕುವ ಹಾಗೆ ಅಲಿಫ್ ಇಟ್ಟು ತನ್ವೀನ್ ಹಾಕಿರುತ್ತಾರೆ. ಅಲ್ಲಿ ಉಸಿರು ನಿಲ್ಲಿಸಿದರೆ ‘ಲ-ನಸ್ಫಆ’ ಅಂತ ಓದಬೇಕು. ತನ್ವೀನ್ ಕಂಡ ಕೂಡಲೇ ನಾಮಪದ ಅಂದುಕೊಳ್ಳುವವರು ಇಲ್ಲಿ ಎಡವುತ್ತಾರೆ.

ಆಜ್ಞೆಯಲ್ಲಿ

ಆಜ್ಞೆಗೆ ನೂನ್ ಹಾಕುವುದು ಪೂರ್ತಿ ಹೇಳುವವರ ಇಷ್ಟ. ‘ಉಕ್ತುಬ್’ ಅಂದರೂ ಸರಿ, ‘ಉಕ್ತುಬನ್ನ’ ಅಂದರೂ ಸರಿ. ಬಿಟ್ಟರೆ ಒತ್ತು ಕಡಿಮೆ ಆಗುತ್ತದೆ ಅಷ್ಟೇ, ಅರ್ಥ ಬದಲಾಗುವುದಿಲ್ಲ. ಇದಕ್ಕೆ ಅಬ್ದುಲ್ಲಾಹ್ ಇಬ್ನ್ ರವಾಹರ ಸಾಲುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಖಂದಕ್ ಯುದ್ಧದ ಹೊತ್ತಿಗೆ ಕಂದಕ ಅಗೆಯುತ್ತಾ ಪ್ರವಾದಿಯವರು ಇದನ್ನು ಹೇಳುತ್ತಿದ್ದರು ಅಂತ ಬುಖಾರಿಯಲ್ಲಿದೆ: ‘ಫ-ಅನ್ಜಿಲನ್ ಸಕೀನತನ್ ಅಲೈನಾ, ವ-ಸಬ್ಬಿತಿಲ್ ಅಕ್ದಾಮ ಇನ್ ಲಾಕೈನಾ’. ನಮ್ಮ ಮೇಲೆ ನೆಮ್ಮದಿ ಇಳಿಸು, ಶತ್ರುಗಳು ಎದುರಾದರೆ ನಮ್ಮ ಹೆಜ್ಜೆ ಗಟ್ಟಿ ಮಾಡು. ಎರಡೂ ಒಂದೇ ಪ್ರಾರ್ಥನೆ, ಒಂದೇ ಉಸಿರು. ‘ಅನ್ಜಿಲ್’ಗೆ ಹಗುರದ ನೂನ್ ಸೇರಿದೆ, ‘ಸಬ್ಬಿತ್’ಗೆ ಸೇರಿಲ್ಲ. ಛಂದಸ್ಸಿಗೆ ಎಲ್ಲಿ ಬೇಕಿತ್ತೋ ಅಲ್ಲಿ ಬಂತು. ನೆಮ್ಮದಿಯನ್ನು ಗಟ್ಟಿಯಾಗಿ ಕೇಳಿ, ಹೆಜ್ಜೆಯನ್ನು ಮೆಲ್ಲಗೆ ಕೇಳಿದರು ಅಂತ ಅರ್ಥ ಕಟ್ಟಬೇಕಾಗಿಲ್ಲ. ಇನ್ನೊಂದು ನೋಡಿ, ಇದು ದೇವರಿಗೆ ಮಾಡುವ ಬೇಡಿಕೆ. ವ್ಯಾಕರಣಕ್ಕೆ ಬೇಡಿಕೆಯೂ ಆಜ್ಞೆಯ ರೂಪವೇ, ನೂನ್ ಎರಡಕ್ಕೂ ಒಂದೇ ತರ ಸೇರುತ್ತದೆ.

‘ಮಾಡಬೇಡ’ ಅನ್ನುವ ಕಡೆ ನೂನ್ ಹೆಚ್ಚು ಕಾಣಸಿಗುತ್ತದೆ. 18ನೇ ಅಧ್ಯಾಯದ 23ರಲ್ಲಿ ‘ವ-ಲಾ ತಕೂಲನ್ನ ಲಿ-ಶೈಇನ್...’ ಅಂತಿದೆ. ‘ನಾಳೆ ಇದನ್ನು ಮಾಡುತ್ತೇನೆ’ ಅಂತ ಯಾವುದರ ಬಗ್ಗೆಯೂ ಹೇಳಲೇಬೇಡ ಅಂತ. ಇದರ ರೂಪದಲ್ಲಿ ಒಂದು ಮಜಾ ಇದೆ. ನೂನ್ ಇಲ್ಲದಿದ್ದರೆ ‘ಲಾ ತಕುಲ್’. ‘ಕೂ’ ಗಿಡ್ಡವಾಗಿ ‘ಕು’ ಆಗಿರುತ್ತದೆ, ಯಾಕಂದರೆ ಕೊನೆಯ ‘ಲ್’ಗೆ ಸ್ವರ ಇಲ್ಲ. ನೂನ್ ಬಂದಾಗ ಆ ‘ಲ್’ಗೆ ‘ಅ’ ಸಿಕ್ಕಿತು. ಕೂಡಲೇ ಕಳೆದುಹೋಗಿದ್ದ ದೀರ್ಘ ವಾಪಸ್ ಬಂತು: ‘ಲಾ ತಕೂಲನ್ನ’. ಆಜ್ಞೆಯಲ್ಲೂ ಹೀಗೇ, ‘ಕುಲ್’ ಹೋಗಿ ‘ಕೂಲನ್ನ’ ಆಗುತ್ತದೆ. ‘ಕುಲನ್ನ’ ಅಂತ ಬರೆದ ಉತ್ತರಪತ್ರಿಕೆಗಳು ಪ್ರತಿ ಸಲ ಸಿಗುತ್ತವೆ. ನೀವು ಹಾಗೆ ಬರೆಯಬೇಡಿ.

ಓದುವಾಗ ಇದರಿಂದ ಇನ್ನೊಂದು ಲಾಭ ಇದೆ. ‘ಲಾ’ ಕಂಡಾಗ ಅದು ‘ಮಾಡಬೇಡ’ವೋ ‘ಮಾಡುವುದಿಲ್ಲ’ವೋ ಅಂತ ಅನುಮಾನ ಬರುತ್ತದೆ ಅಲ್ವಾ? ಕ್ರಿಯಾಪದದ ಕೊನೆಯಲ್ಲಿ ಈ ನೂನ್ ಇದ್ದರೆ ಹೆಚ್ಚಿನ ಕಡೆ ‘ಬೇಡ’ ಅಂತಲೇ ತಿಳಿಯಿರಿ. ಬರೀ ‘ಇಲ್ಲ’ ಅನ್ನುವುದಕ್ಕೆ ನೂನ್ ಸೇರುವುದು ಬಹಳ ಅಪರೂಪ, ಮತ್ತು ಅಂಥ ಕಡೆ ವ್ಯಾಖ್ಯಾನಕಾರರು ಜಗಳ ಆಡಿಕೊಂಡಿರುತ್ತಾರೆ.

ಪ್ರಶ್ನೆಯಲ್ಲಿ

ಇಲ್ಲೂ ಕಡ್ಡಾಯ ಇಲ್ಲ. ಬಳಕೆಯೂ ಕಡಿಮೆ. ‘ಹಲ್ ತಕ್ತುಬು?’ ಅಂದರೆ ಬರೆಯುತ್ತೀಯಾ ಅಂತ ಸಾದಾ ಪ್ರಶ್ನೆ. ‘ಹಲ್ ತಕ್ತುಬನ್ನ?’ ಅಂದರೆ ಕೇಳುವವನಿಗೆ ಉತ್ತರ ಬೇಕೇ ಬೇಕು, ಅಥವಾ ಉತ್ತರ ಅವನಿಗೆ ಮೊದಲೇ ಗೊತ್ತು. ಎರಡನೆಯ ಬಗೆಗೆ 22ನೇ ಅಧ್ಯಾಯದ 15ನೇ ಆಯತ್ ಇದೆ. ಅಲ್ಲಾಹನು ಪ್ರವಾದಿಗೆ ಸಹಾಯ ಮಾಡುವುದಿಲ್ಲ ಅಂದುಕೊಂಡವನು ಮೇಲಕ್ಕೆ ಹಗ್ಗ ಚಾಚಲಿ, ಆಮೇಲೆ ಕಡಿಯಲಿ, ಆಮೇಲೆ ನೋಡಲಿ, ‘ಹಲ್ ಯುಜ್ಹಿಬನ್ನ ಕೈದುಹು ಮಾ ಯಗೀಜ್’: ಅವನ ಉಪಾಯ ಅವನ ಹೊಟ್ಟೆಯುರಿಯನ್ನು ಕಳೆಯುತ್ತದೆಯೇ? ಕಳೆಯುವುದಿಲ್ಲ ಅಂತ ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ.

ಈ ಒಂದೇ ಆಯತ್ತಿನಲ್ಲಿ ಚಾಚಲಿ, ಕಡಿಯಲಿ, ನೋಡಲಿ ಅಂತ ಮೂರು ಆಜ್ಞೆಗಳಿವೆ: ‘ಫಲ್-ಯಮ್ದುದ್’, ‘ಸುಮ್ಮಲ್-ಯಕ್ತಅ’, ‘ಫಲ್-ಯನ್ಜುರ್’. ಮೂರಕ್ಕೂ ನೂನ್ ಇಲ್ಲ. ಇರುವುದು ಕೊನೆಯ ಪ್ರಶ್ನೆಗೆ ಮಾತ್ರ. ಮೂರು ಆಜ್ಞೆಗಳು ಸವಾಲು ಕಟ್ಟುತ್ತಾ ಬಂದವು, ಭಾರ ಬಿದ್ದದ್ದು ಪ್ರಶ್ನೆಯ ಮೇಲೆ. ಓದುವಾಗ ಎಷ್ಟೋ ಆಜ್ಞೆಗಳಲ್ಲಿ ನೂನ್ ಕಾಣುವುದಿಲ್ಲ ಅಂದಿರಲ್ಲ, ಅದರಲ್ಲಿ ತಪ್ಪೇನಿಲ್ಲ. ಬೇಕಾದ ಕಡೆಗೆ ಮಾತ್ರ ಅದು ಮೀಸಲು.

ಪ್ರಶ್ನೆಗೆ ಒಂದೇ ಕಟ್ಟು: ಮುಂದಿನದನ್ನು ಕೇಳುತ್ತಿರಬೇಕು. ‘ಹಲ್’ ಎಂಬ ಪ್ರಶ್ನೆಯ ಪದ ಮುಂದಿನ ಕಾಲದ ಕಡೆಗೆ ವಾಲುವುದರಿಂದ ಅದರ ಜೊತೆ ನೂನ್ ಚೆನ್ನಾಗಿ ಹೊಂದುತ್ತದೆ. ಈಗ ಏನು ಮಾಡ್ತಿದ್ದೀಯಾ ಅಂತ ಕೇಳುವಾಗ ಹಾಕಬೇಡಿ.

ನೀವು ಕೇಳದ ಒಂದು ಜಾಗವನ್ನೂ ಹೇಳಿಬಿಡುತ್ತೇನೆ. ‘ಇಮ್ಮಾ’ (ಒಂದು ವೇಳೆ) ಆದ ಮೇಲೆ ನೂನ್ ಹೆಚ್ಚುಕಡಿಮೆ ಬಂದೇ ಬರುತ್ತದೆ. 19ನೇ ಅಧ್ಯಾಯದ 26ರಲ್ಲಿ ಮರ್ಯಮರಿಗೆ ಹೇಳಿದ ‘ಫ-ಇಮ್ಮಾ ತರಯಿನ್ನ’ ಇದಕ್ಕೆ ಉದಾಹರಣೆ. ನೀನು ಯಾರಾದರೂ ಮನುಷ್ಯರನ್ನು ಕಂಡರೆ ಅಂತ.

ಬಾಯಿಪಾಠದ ರೂಪ ಓದಿಗೆ ಹೇಗೆ ಒದಗುತ್ತದೆ

ಮದರಸಾದಲ್ಲಿ ಭಾರದ ನೂನಿಗೆ 14 ರೂಪ, ಹಗುರದ ನೂನಿಗೆ 8 ರೂಪ ಹೇಳಿಸುತ್ತಾರೆ. ಆರು ಕಡಿಮೆ ಯಾಕೆ ಅಂದರೆ ಇಬ್ಬರನ್ನು ಹೇಳುವ ನಾಲ್ಕು ರೂಪಕ್ಕೂ, ಹೆಂಗಸರ ಬಹುವಚನದ ಎರಡು ರೂಪಕ್ಕೂ ಹಗುರದ ನೂನ್ ಸೇರುವುದಿಲ್ಲ. ಈ ಪಟ್ಟಿಯಲ್ಲಿ ನಿಜವಾಗಿ ಕಾಯಬೇಕಾದದ್ದು ನೂನಿಗೆ ಮುಂಚಿನ ಒಂದೇ ಒಂದು ಸ್ವರ. ‘ಲ-ತಕ್ತುಬನ್ನ’: ನೀನು (ಗಂಡು). ‘ಲ-ತಕ್ತುಬುನ್ನ’: ನೀವೆಲ್ಲ. ‘ಲ-ತಕ್ತುಬಿನ್ನ’: ನೀನು (ಹೆಣ್ಣು). ಉಳಿದದ್ದೆಲ್ಲ ಒಂದೇ, ಆ ‘ಅ, ಉ, ಇ’ಗಳೇ ಯಾರು ಅಂತ ಹೇಳುತ್ತವೆ.

102ನೇ ಅಧ್ಯಾಯದ ಕೊನೆಯ ಮೂರು ಆಯತ್‌ಗಳನ್ನು ತೆಗೆದುಕೊಳ್ಳಿ. ‘ಲ-ತುಸ್ಅಲುನ್ನ’ (ನಿಮ್ಮನ್ನು ಕೇಳಿಯೇ ಕೇಳಲಾಗುವುದು) ಎಲ್ಲಿಂದ ಬಂತು? ಮೂಲ ‘ತುಸ್ಅಲೂನ’. ಅದಕ್ಕೆ ‘ನ್ನ’ ಸೇರಿಸಿದರೆ ಮೂರು ನೂನ್ ಒಟ್ಟಾಗುತ್ತವೆ, ಅದಕ್ಕೆ ಮೂಲದ ‘ನ’ ಬಿದ್ದುಹೋಯಿತು. ಉಳಿದದ್ದು ‘ತುಸ್ಅಲೂ’ ಮತ್ತು ‘ನ್ನ’. ಇಮ್ಮಡಿ ನೂನಿನ ಮುಂದೆ ‘ಊ’ ನಿಲ್ಲಲಾರದೆ ‘ಉ’ ಆಯಿತು. ಆದರೆ ‘ಲ-ತರವುನ್ನ’ (ನೀವು ನೋಡಿಯೇ ನೋಡುತ್ತೀರಿ) ಹೀಗೆ ಗಿಡ್ಡ ಆಗಿಲ್ಲ, ‘ವ’ ಹಾಗೇ ಉಳಿದಿದೆ. ಮೂಲ ‘ತರೌನ’. ಅಲ್ಲಿ ವಾವಿಗೆ ಮುಂಚೆ ‘ಅ’ ಇದೆ. ವಾವನ್ನು ಕಿತ್ತರೆ ಬಹುವಚನ ಅಂತ ಹೇಳುವ ಗುರುತೇ ಉಳಿಯುವುದಿಲ್ಲ. ಅದಕ್ಕೆ ವಾವನ್ನು ಇಟ್ಟುಕೊಂಡು ‘ಉ’ ಕೊಟ್ಟರು. ಮೇಲೆ ಮರ್ಯಮರ ‘ತರಯಿನ್ನ’ ಬಂತಲ್ಲ, ಅಲ್ಲಿ ‘ಯ’ ಉಳಿದದ್ದೂ ಇದೇ ಕಾರಣಕ್ಕೆ.

ಈಗ ಎರಡು ಎಚ್ಚರಿಕೆ. ‘ಲ’ ಕಂಡ ಕಡೆಯೆಲ್ಲ ನೂನ್ ಹುಡುಕಬೇಡಿ. ‘ಇನ್ನ’ ಎಂಬ ಪದ ವಾಕ್ಯದ ಶುರುವಿನಲ್ಲಿದ್ದರೆ ಮುಂದೆ ಬರುವ ‘ಲ’ ಅದರ ಜೊತೆಗಾರ, ಆಣೆಯ ‘ಲ’ ಅಲ್ಲ. 27ನೇ ಅಧ್ಯಾಯದ 74ರಲ್ಲಿ ‘ವ-ಇನ್ನ ರಬ್ಬಕ ಲ-ಯಅಲಮು’ ಅಂತಿದೆ. ನಿನ್ನ ಪ್ರಭುವಿಗೆ ಗೊತ್ತೇ ಇದೆ ಅಂತ. ಗೊತ್ತಿರುವುದು ಈಗಲೇ. ಹಾಗಾಗಿ ನೂನಿಗೆ ಕೆಲಸವಿಲ್ಲ.

ಎರಡನೆಯದು ಸ್ವರಚಿಹ್ನೆ ಇಲ್ಲದ ಪುಸ್ತಕಗಳದ್ದು. ಲಾಮ್, ಯಾ, ಕಾಫ್, ತಾ, ಬಾ, ನೂನ್ ಅಂತ ಆರು ಅಕ್ಷರ ಬರೀ ಬರೀ ಕಂಡರೆ ಅದನ್ನು ‘ಲ-ಯಕ್ತುಬನ್ನ’ (ಅವನು ಬರೆದೇ ಬರೆಯುತ್ತಾನೆ) ಅಂತಲೂ ಓದಬಹುದು, ‘ಲ-ಯಕ್ತುಬುನ್ನ’ (ಅವರು ಬರೆದೇ ಬರೆಯುತ್ತಾರೆ) ಅಂತಲೂ ಓದಬಹುದು. ‘ಲಿ-ಯಕ್ತುಬ್ನ’ ಅಂತಲೂ ಆಗಬಹುದು, ಆಗ ಅರ್ಥ ‘ಆ ಹೆಂಗಸರು ಬರೆಯಲಿ’. ಇಲ್ಲಿನ ನೂನ್ ಒತ್ತಿನದ್ದೇ ಅಲ್ಲ. ಮೊದಲು ಹಿಂದಿನ ಸಾಲಿಗೆ ಹೋಗಿ ಆಣೆ ಇದೆಯಾ, ‘ಲ-ಇನ್’ ಇದೆಯಾ ನೋಡಿ. ಇದ್ದರೆ ಅದು ಒತ್ತಿನ ನೂನ್. ಆಮೇಲೆ ಕೆಲಸ ಮಾಡುವವನು ಒಬ್ಬನೋ ಹಲವರೋ ನೋಡಿ, ‘ಅ’ ಅಥವಾ ‘ಉ’ ಹಾಕಿ. ಆಣೆಯೂ ಇಲ್ಲ, ಮೇಲೆ ಹೆಂಗಸರ ವಿಷಯ ನಡೆಯುತ್ತಿದೆ ಅಂದರೆ ಮೂರನೆಯ ಓದು ಹಿಡಿಯಿರಿ.